ದೊಡ್ಡ ಹಳೇ ಕೆಂಪು ಕಾರೋ, ದೊಡ್ಡ ಕೆಂಪು ಹಳೇ ಕಾರೋ? ಗುಣವಾಚಕಗಳು ಸಾಲಾಗಿ ನಿಲ್ಲುವ ಬಗೆ

ಧಾರವಾಡದ ಸಪ್ತಾಪುರದ ಕಡೆ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಸಾಕು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಎಷ್ಟು ಜನ ಇದ್ದಾರೆ ಅಂತ ಗೊತ್ತಾಗುತ್ತದೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದಲೂ ಬಂದಿರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಅವರಲ್ಲಿ ಬಹಳ. ಇವರನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಕಾಡುವ ಒಂದು ಬಗೆಯ ಪ್ರಶ್ನೆ ಇದೆ. ಒಂದು ವಾಕ್ಯ ಕೊಟ್ಟು ತಪ್ಪು ಹುಡುಕಿ ಅನ್ನುತ್ತಾರೆ: ‘ಶಿ ಬಾಟ್ ಎ ವುಡನ್ ಬಿಗ್ ಟೇಬಲ್’. ಕ್ರಿಯಾಪದ ಸರಿ ಇದೆ, ಕಾಲ ಸರಿ ಇದೆ, ಸ್ಪೆಲಿಂಗ್ ಸರಿ ಇದೆ. ಮತ್ತೆ ತಪ್ಪು ಎಲ್ಲಿ?

ತಪ್ಪು ಇರುವುದು ‘ವುಡನ್’ ಮತ್ತು ‘ಬಿಗ್’ ನಿಂತ ಜಾಗದಲ್ಲಿ. ಇಂಗ್ಲಿಷಿನವರು ‘ಬಿಗ್ ವುಡನ್ ಟೇಬಲ್’ ಅನ್ನುತ್ತಾರೆ, ತಿರುಗಿಸಿ ಹೇಳುವುದಿಲ್ಲ. ಆದರೆ ನಮ್ಮ ಹುಡುಗರು ಕನ್ನಡದಲ್ಲಿ ‘ಕಟ್ಟಿಗೆಯ ದೊಡ್ಡ ಟೇಬಲ್’ ಅಂತ ಆರಾಮವಾಗಿ ಹೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಅದೇ ಸಾಲನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟಾಗ ಅಂಕ ಹೋಗುತ್ತದೆ. ಎರಡೂ ಭಾಷೆಯಲ್ಲಿ ಬಣ್ಣಿಸುವ ಪದಗಳು ವಸ್ತುವಿನ ಹೆಸರಿಗಿಂತ ಮೊದಲೇ ಬರುತ್ತವೆ, ಹಾಗಿದ್ದೂ ಯಾಕೆ ಈ ವ್ಯತ್ಯಾಸ? ಇದನ್ನು ಬುಡದಿಂದ ನೋಡೋಣ.

## ಗುಣವಾಚಕ ಅಂದರೆ

ಒಂದು ವಸ್ತುವಿನ ಹೆಸರು ನಾಮಪದ: ಕಾರು, ಗಡಿಗೆ, ಸೀರೆ. ಆ ವಸ್ತು ಎಂಥದ್ದು ಅಂತ ಹೇಳುವ ಪದ ಗುಣವಾಚಕ: ದೊಡ್ಡ, ಹಳೇ, ಕೆಂಪು. ಶಾಲೆಯಲ್ಲಿ ಇದನ್ನೇ ವಿಶೇಷಣ ಅಂತಲೂ ಹೇಳಿಕೊಟ್ಟಿರುತ್ತಾರೆ.

ಕನ್ನಡದಲ್ಲಿ ಬೇರೆ ಯಾವ ಬಾಲವನ್ನೂ ಅಂಟಿಸಿಕೊಳ್ಳದೆ ನೇರವಾಗಿ ಬಂದು ನಾಮಪದದ ಮುಂದೆ ನಿಲ್ಲುವ ಗುಣವಾಚಕಗಳು ಬಹಳ ಇಲ್ಲ. ದೊಡ್ಡ, ಸಣ್ಣ, ಹೊಸ, ಹಳೇ, ಒಳ್ಳೆ, ಕೆಟ್ಟ, ಎಳೆ, ಬಿಳಿ, ಕರಿ, ಹೀಗೆ ಸ್ವಲ್ಪ ಪದಗಳು. ಉಳಿದದ್ದನ್ನೆಲ್ಲ ನಾವು ಬೇರೆ ಪದಗಳಿಂದ ಕಟ್ಟಿಕೊಳ್ಳುತ್ತೇವೆ. ‘ಸುಂದರ’ಕ್ಕೆ ‘ಆದ’ ಸೇರಿಸಿ ಸುಂದರವಾದ ಅನ್ನುತ್ತೇವೆ. ‘ಕಟ್ಟಿಗೆ’ಗೆ ಷಷ್ಠಿ ವಿಭಕ್ತಿಯ ‘-ಅ’ ಹಚ್ಚಿ ಕಟ್ಟಿಗೆಯ ಅನ್ನುತ್ತೇವೆ. ‘ಹರಿ’ ಅನ್ನುವ ಕ್ರಿಯೆಯಿಂದ ಹರಿದ ಅಂಗಿ ಅನ್ನುತ್ತೇವೆ.

ಇದು ಕನ್ನಡದ ಕೊರತೆ ಅಂತ ಯಾರೂ ತಿಳಿಯಬಾರದು. ಭಾಷಾಶಾಸ್ತ್ರಜ್ಞ ಆರ್. ಎಂ. ಡಬ್ಲ್ಯೂ. ಡಿಕ್ಸನ್ 1977ರಲ್ಲಿ ಜಗತ್ತಿನ ಹಲವು ಭಾಷೆಗಳನ್ನು ಹೋಲಿಸಿ ಒಂದು ಮಾತು ಹೇಳಿದರು. ಗುಣವಾಚಕಗಳ ಗುಂಪು ಚಿಕ್ಕದಾಗಿರುವ ಭಾಷೆಗಳಲ್ಲಿ ಆ ಗುಂಪಿನೊಳಗೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಬಗೆಯ ಪದಗಳು: ಗಾತ್ರ, ವಯಸ್ಸು, ಒಳ್ಳೆಯದು ಕೆಟ್ಟದ್ದು, ಬಣ್ಣ. ಮೇಲಿನ ಕನ್ನಡ ಪದಗಳನ್ನು ಇನ್ನೊಮ್ಮೆ ನೋಡಿ, ಸರಿಯಾಗಿ ಅದೇ ನಾಲ್ಕು ಖಾನೆಗಳಲ್ಲಿ ಕೂರುತ್ತವೆ. ನಮ್ಮ ನಾಡಿನವರೇ ಆದ ಡಿ. ಎನ್. ಶಂಕರ ಭಟ್ಟರು ಕೂಡ ಗುಣವಾಚಕ ಅನ್ನುವುದು ಬೇರೆ ಬೇರೆ ಭಾಷೆಗಳಲ್ಲಿ ಹೇಗೆ ಬೇರೆ ಬೇರೆಯಾಗಿರುತ್ತದೆ ಅನ್ನುವುದರ ಬಗ್ಗೆ 1994ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ನೇರವಾಗಿ ಬರುವ ಪದ ಯಾವುದು, ‘-ಅ’ ಹಚ್ಚಿಕೊಂಡು ಬರುವ ಪದ ಯಾವುದು, ಇದನ್ನು ನೆನಪಿಡಿ. ಮುಂದೆ ಇಡೀ ಲೆಕ್ಕ ಇದರ ಮೇಲೇ ನಿಂತಿದೆ.

## ಇಂಗ್ಲಿಷಿನ ಸಾಲು

ಇಂಗ್ಲಿಷಿನಲ್ಲಿ ಒಂದಕ್ಕಿಂತ ಜಾಸ್ತಿ ಗುಣವಾಚಕ ಬಂದರೆ ಅವು ಸಾಮಾನ್ಯವಾಗಿ ಹೀಗೆ ನಿಲ್ಲುತ್ತವೆ. ಎಲ್ಲಕ್ಕಿಂತ ಮೊದಲು ನಮ್ಮ ಅಭಿಪ್ರಾಯ ಹೇಳುವ ಪದ, ‘ನೈಸ್’, ‘ಬ್ಯೂಟಿಫುಲ್’ ಅಂಥವು. ಆಮೇಲೆ ಗಾತ್ರ, ಆಮೇಲೆ ವಯಸ್ಸು, ಆಕಾರ, ಬಣ್ಣ. ಅದರ ನಂತರ ಎಲ್ಲಿಯದು, ಯಾವುದರಿಂದ ಮಾಡಿದ್ದು. ಕೊನೆಗೆ, ಹೆಸರಿಗೆ ಅಂಟಿಕೊಂಡು, ಯಾತಕ್ಕೆ ಬಳಸುವುದು. ‘ಎ’, ‘ದ’, ‘ದಿಸ್’ ಅಥವಾ ಸಂಖ್ಯೆ ಇದ್ದರೆ ಅವು ಈ ಎಲ್ಲದರ ಮುಂದೆ ಬರುತ್ತವೆ.

ಹಾಗಾಗಿ ‘ಎ ಬಿಗ್ ಓಲ್ಡ್ ರೆಡ್ ಕಾರ್’: ಗಾತ್ರ, ವಯಸ್ಸು, ಬಣ್ಣ. ‘ಎ ನೈಸ್ ಸ್ಮಾಲ್ ಇಂಡಿಯನ್ ಕಾಟನ್ ಬ್ಯಾಗ್’: ಅಭಿಪ್ರಾಯ, ಗಾತ್ರ, ಎಲ್ಲಿಯದು, ಯಾವುದರಿಂದ ಮಾಡಿದ್ದು.

ಇಲ್ಲಿ ಒಂದು ಗೊಂದಲ ಮೊದಲೇ ಬಗೆಹರಿಸಿಬಿಡೋಣ. ಒಂದು ವ್ಯಾಕರಣ ಪುಸ್ತಕದಲ್ಲಿ ವಯಸ್ಸು ಮೊದಲು, ಆಕಾರ ಆಮೇಲೆ ಅಂತ ಇರುತ್ತದೆ. ಇನ್ನೊಂದರಲ್ಲಿ ಆಕಾರ ಮೊದಲು. ಹುಡುಗರು ಎರಡೂ ಪುಸ್ತಕ ಇಟ್ಟುಕೊಂಡು ಯಾವುದು ಸರಿ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಇಂಗ್ಲಿಷ್ ಮಾತಾಡುವವರಲ್ಲೇ ಈ ನಡುವಿನ ಜಾಗ ಅಷ್ಟು ಬಿಗಿಯಾಗಿಲ್ಲ, ಅದಕ್ಕೇ ಪುಸ್ತಕಗಳೂ ಬೇರೆ ಬೇರೆ ಹೇಳುತ್ತವೆ. ಬಿಗಿ ಇರುವುದು ಎರಡು ತುದಿಯಲ್ಲಿ. ಅಭಿಪ್ರಾಯ ದೂರದಲ್ಲಿ, ಯಾವುದರಿಂದ ಮಾಡಿದ್ದು ಅನ್ನುವುದು ಹತ್ತಿರದಲ್ಲಿ. ಈ ಎರಡು ತುದಿ ಗೊತ್ತಿದ್ದರೆ ಬಹಳಷ್ಟು ಪ್ರಶ್ನೆ ಬಗೆಹರಿಯುತ್ತವೆ.

## ಈ ಸಾಲು ಹೀಗೇ ಯಾಕೆ?

ಯಾರೋ ಕೂತು ಮಾಡಿದ ನಿಯಮ ಇದಲ್ಲ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗೆ ಯಾರೂ ಈ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ, ಅವರು ತಾವಾಗಿಯೇ ಹಾಗೆ ಮಾತಾಡುತ್ತಾರೆ. ಹಾಗಿದ್ದರೆ ಇದರ ಹಿಂದೆ ಏನೋ ಒಂದು ಕಾರಣ ಇರಬೇಕು ಅಲ್ವಾ.

ಗ್ರೆಗರಿ ಸ್ಕೊಂಟ್ರಾಸ್, ಜೂಡಿತ್ ಡೆಗೆನ್, ನೋವಾ ಗುಡ್‌ಮನ್ ಅನ್ನುವ ಮೂವರು ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಸರಳ ಉತ್ತರ ಕೊಡುತ್ತದೆ. ಅವರು ಜನರನ್ನು ಕೇಳಿದ್ದು ಹೆಚ್ಚುಕಡಿಮೆ ಹೀಗೆ: ಒಂದು ವಸ್ತುವನ್ನು ನೋಡಿ ಒಬ್ಬರು ಹೀಗಿದೆ ಅಂದರು, ಇನ್ನೊಬ್ಬರು ಹಾಗಿಲ್ಲ ಅಂದರು. ಇಬ್ಬರದೂ ಸರಿ ಇರಬಹುದೋ, ಇಲ್ಲಾ ಒಬ್ಬರದು ತಪ್ಪೇ ಆಗಿರಬೇಕೋ? ಹುಬ್ಬಳ್ಳಿಯ ರಸ್ತೆಯಲ್ಲಿ ನಿಂತ ಒಂದು ಕಾರನ್ನೇ ತಗೊಳ್ಳಿ. ‘ಚೆಂದದ ಕಾರು’ ಅಂತ ನೀವು ಅನ್ನಬಹುದು, ನಿಮ್ಮ ಅಣ್ಣ ಒಪ್ಪದೇ ಇರಬಹುದು, ಅದರಲ್ಲಿ ಯಾರ ತಪ್ಪೂ ಇಲ್ಲ. ‘ದೊಡ್ಡ ಕಾರು’ ಅನ್ನುವುದೂ ಸ್ವಲ್ಪ ಹಾಗೆಯೇ, ಒಬ್ಬರಿಗೆ ದೊಡ್ಡದು ಇನ್ನೊಬ್ಬರಿಗೆ ಸಾಧಾರಣ. ‘ಕೆಂಪು’ ಅನ್ನುವಾಗ ಜಗಳಕ್ಕೆ ಜಾಗ ಕಡಿಮೆ. ‘ಡೀಸೆಲ್ ಕಾರು’ ಅನ್ನುವಲ್ಲಿ ಜಾಗವೇ ಇಲ್ಲ, ಬಾನೆಟ್ ಎತ್ತಿ ನೋಡಿದರೆ ತೀರ್ಮಾನ ಆಗಿಬಿಡುತ್ತದೆ.

ಅವರು ಕಂಡುಕೊಂಡದ್ದು ಇಷ್ಟು: ಯಾವ ಪದದ ಬಗ್ಗೆ ಇಬ್ಬರು ಬೇರೆ ಬೇರೆ ಹೇಳಿಯೂ ಇಬ್ಬರೂ ಸರಿ ಇರಬಹುದೋ ಆ ಪದ ಹೆಸರಿನಿಂದ ದೂರ ನಿಲ್ಲುತ್ತದೆ. ಯಾವುದು ವಸ್ತುವಿನಲ್ಲೇ ಇರುವ, ಎಲ್ಲರೂ ಒಪ್ಪುವ ಗುಣವೋ ಅದು ಹತ್ತಿರ ನಿಲ್ಲುತ್ತದೆ. ಮದುವೆ ಫೋಟೋದಲ್ಲಿ ಮದುಮಕ್ಕಳ ಪಕ್ಕ ಅಪ್ಪ ಅವ್ವ ನಿಂತು, ಅವರಾಚೆ ಕಾಕಾ ಅತ್ತೆ ನಿಂತು, ಅಂಚಿನಲ್ಲಿ ಗೆಳೆಯರು ನಿಲ್ಲುವ ಹಾಗೆ ಇದು. ಅಂಚಿನವರು ಜಾಗ ಅದಲು ಬದಲು ಮಾಡಿಕೊಂಡರೂ ನಡೆಯುತ್ತದೆ, ಪಕ್ಕದವರನ್ನು ಎಬ್ಬಿಸಿ ನಡುವೆ ಬೇರೆಯವರನ್ನು ನಿಲ್ಲಿಸಿದರೆ ಎಲ್ಲರಿಗೂ ಏನೋ ಸರಿಯಿಲ್ಲ ಅನಿಸುತ್ತದೆ.

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಪದಕ್ಕಿಂತ ಮೊದಲು ‘ಬಹಳ’ ಸೇರಿಸಿ. ಬಹಳ ಚೆಂದದ ಕಾರು, ಬಹಳ ದೊಡ್ಡ ಕಾರು, ಬಹಳ ಹಳೇ ಕಾರು, ಎಲ್ಲಾ ಸಲೀಸು. ಬಹಳ ಕೆಂಪು ಕಾರು ಅಂದಾಗ ಸ್ವಲ್ಪ ತಡೆಯುತ್ತದೆ. ಬಹಳ ಡೀಸೆಲ್ ಕಾರು, ಬಹಳ ಕಟ್ಟಿಗೆಯ ಟೇಬಲ್ ಅನ್ನಲು ಬರುವುದೇ ಇಲ್ಲ. ‘ಬಹಳ’ ಒಪ್ಪದ ಪದ ಹೆಸರಿನ ಪಕ್ಕದ್ದು. ಈ ಪರೀಕ್ಷೆ ಅಭಿಪ್ರಾಯ ಮೊದಲೋ ಗಾತ್ರ ಮೊದಲೋ ಅನ್ನುವುದನ್ನು ಮಾತ್ರ ಹೇಳಿಕೊಡುವುದಿಲ್ಲ, ಎರಡೂ ‘ಬಹಳ’ವನ್ನು ಒಪ್ಪುತ್ತವೆ. ಅದಕ್ಕೆ ಮೇಲಿನ ‘ಇಬ್ಬರದೂ ಸರಿ ಇರಬಹುದೇ’ ಅನ್ನುವ ಪ್ರಶ್ನೆಯೇ ಬೇಕು.

## ಕನ್ನಡ ಎಲ್ಲಿ ಸಡಿಲ, ಎಲ್ಲಿ ಬಿಗಿ

ಈಗ ನಮ್ಮ ಭಾಷೆಗೆ ಬರೋಣ. ನೇರವಾಗಿ ಬರುವ ಆ ಸ್ವಲ್ಪ ಪದಗಳ ನಡುವೆ ಕನ್ನಡದಲ್ಲೂ ಅದೇ ಒಲವು ಇದೆ, ಆದರೆ ಅಷ್ಟು ಕಟ್ಟುನಿಟ್ಟಿಲ್ಲ. ‘ಒಳ್ಳೆ ದೊಡ್ಡ ಮನೆ’ ಅನ್ನುತ್ತೇವೆ, ‘ದೊಡ್ಡ ಒಳ್ಳೆ ಮನೆ’ ಅಂದರೆ ಕಿವಿಗೆ ಹಿಡಿಸುವುದಿಲ್ಲ. ‘ಚಲೋ ದೊಡ್ಡ ಮನಿ’ ಅನ್ನುವಾಗಲೂ ಚಲೋ ಮೊದಲೇ ಬರುತ್ತದೆ. ಆದರೆ ‘ದೊಡ್ಡ ಹಳೇ ಮನೆ’, ‘ಹಳೇ ದೊಡ್ಡ ಮನೆ’ ಎರಡೂ ನಡೆಯುತ್ತವೆ. ‘ಆ ಮೂರು ದೊಡ್ಡ ಮನೆಗಳು’ ಅನ್ನುವಾಗ ‘ಆ’ ಮೊದಲು, ಸಂಖ್ಯೆ ಆಮೇಲೆ, ಗುಣ ಕೊನೆಗೆ. ಇಂಗ್ಲಿಷಿನಲ್ಲೂ ಸಾಲು ಇದೇ.

ಕನ್ನಡದ ನಿಜವಾದ ಬಿಗಿ ಬೇರೆ ಕಡೆ ಇದೆ, ಮತ್ತು ಅದನ್ನು ಹೆಚ್ಚಿನ ಪಾಠಗಳಲ್ಲಿ ಹೇಳುವುದೇ ಇಲ್ಲ. ಕನ್ನಡದ ಗುಣವಾಚಕ ತನ್ನ ಬಲಗಡೆ ಮೊದಲು ಸಿಕ್ಕ ನಾಮಪದವನ್ನು ಹಿಡಿದುಕೊಳ್ಳುತ್ತದೆ. ಮಧ್ಯೆ ಇನ್ನೊಂದು ನಾಮಪದ ಬಂದರೆ ಸಾಕು, ಓದುವವರಿಗೆ ಎರಡು ಅರ್ಥ ಕಾಣುತ್ತದೆ.

ಒಂದು ಬೋರ್ಡ್ ನೋಡಿ: ‘ಹಳೇ ಕಬ್ಬಿಣದ ಅಂಗಡಿ’. ಹಳೇದು ಯಾವುದು, ಕಬ್ಬಿಣವೋ ಅಂಗಡಿಯೋ? ‘ಹಳೇ’ ತನ್ನ ಪಕ್ಕದ ‘ಕಬ್ಬಿಣ’ವನ್ನು ಹಿಡಿದುಕೊಂಡರೆ ಗುಜರಿ ಅಂಗಡಿ. ಅದು ‘ಕಬ್ಬಿಣದ ಅಂಗಡಿ’ ಅನ್ನುವ ಇಡೀ ಗುಂಪನ್ನು ಹಿಡಿದುಕೊಂಡರೆ ಅಜ್ಜನ ಕಾಲದಿಂದ ಇರುವ ಅಂಗಡಿ, ಒಳಗಿರುವ ಕಬ್ಬಿಣ ಹೊಚ್ಚ ಹೊಸದೇ ಇರಬಹುದು. ಬಹುತೇಕ ಜನರಿಗೆ ಮೊದಲ ಅರ್ಥವೇ ಮೊದಲು ಹೊಳೆಯುತ್ತದೆ, ಯಾಕಂದರೆ ಪಕ್ಕದ ಪದ ಅದು. ಎರಡನೇ ಅರ್ಥವೇ ಬೇಕಿದ್ದರೆ ಕನ್ನಡ ಒಂದು ಸುಲಭದ ದಾರಿ ಕೊಟ್ಟಿದೆ: ‘ಕಬ್ಬಿಣದ ಹಳೇ ಅಂಗಡಿ’. ಈಗ ‘ಹಳೇ’ ಪದದ ಬಲಕ್ಕೆ ಇರುವುದು ಅಂಗಡಿ ಒಂದೇ. ಗೊಂದಲ ಇಲ್ಲ.

‘ಕಟ್ಟಿಗೆಯ ದೊಡ್ಡ ಟೇಬಲ್’ ಹುಟ್ಟುವುದು ಇಲ್ಲಿಂದಲೇ. ‘ದೊಡ್ಡ ಕಟ್ಟಿಗೆಯ ಟೇಬಲ್’ ಅಂದರೆ ದೊಡ್ಡ ಕಟ್ಟಿಗೆಯಿಂದ ಮಾಡಿದ್ದೋ ಅನ್ನುವ ಸಣ್ಣ ಅನುಮಾನ ಉಳಿಯುತ್ತದೆ. ‘ದೊಡ್ಡ ಜೋಳದ ಚೀಲ’ ಅಂದರೆ ಕಾಳು ದಪ್ಪವೋ ಚೀಲ ದೊಡ್ಡದೋ, ‘ಜೋಳದ ದೊಡ್ಡ ಚೀಲ’ ಅಂದರೆ ಸ್ಪಷ್ಟ. ಕನ್ನಡ ಮಾತಾಡುವವರು ಯೋಚನೆ ಮಾಡದೆಯೇ ‘-ಅ’ ಹಚ್ಚಿದ ಪದವನ್ನು ಹೊರಗೆ ತಳ್ಳಿ, ಗಾತ್ರದ ಪದವನ್ನು ಹೆಸರಿನ ಪಕ್ಕಕ್ಕೆ ತಂದುಬಿಡುತ್ತಾರೆ. ಮಣ್ಣಿನ ದೊಡ್ಡ ಗಡಿಗೆ, ತಾಮ್ರದ ಹಳೇ ಕೊಡ, ಕಬ್ಬಿಣದ ಸಣ್ಣ ಹಂಚು. ಆ ವಿಭಕ್ತಿಯ ಬಾಲ ಇರುವುದರಿಂದ ಪದ ದೂರ ಹೋದರೂ ಯಾವುದಕ್ಕೆ ಸೇರಿದ್ದು ಅಂತ ಗೊತ್ತಾಗುತ್ತದೆ.

ಇಂಗ್ಲಿಷಿನ ‘ವುಡನ್’, ‘ಕಾಟನ್’, ‘ಐರನ್’ ಪದಗಳಿಗೆ ಈ ಸ್ವಾತಂತ್ರ್ಯ ಇಲ್ಲ. ಅವು ಹೆಸರಿನ ಪಕ್ಕದ ಜಾಗ ಬಿಟ್ಟು ಕದಲುವುದಿಲ್ಲ. ನಮ್ಮ ಹುಡುಗರ ತಪ್ಪಿಗೆ ಇದೇ ಒಂದು ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ, ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಿದರೆ ಇದು ಹೋಗುವುದಿಲ್ಲ. ಕನ್ನಡದ ‘-ಅ’ ಬಾಲದ ಪದ ಕಂಡ ಕೂಡಲೇ ಇಂಗ್ಲಿಷಿನಲ್ಲಿ ಅದನ್ನು ಒಳಗೆ ಎಳೆದುಕೊಳ್ಳಬೇಕು ಅಂತ ಹೇಳಿಕೊಟ್ಟರೆ ಬೇಗ ಹತ್ತುತ್ತದೆ.

ಪಕ್ಕದ ಪದವನ್ನು ಹಿಡಿದುಕೊಳ್ಳುವ ಈ ಗುಣ ಉದ್ದದ ವರ್ಣನೆಯಲ್ಲಿ ಇನ್ನೂ ಜಾಸ್ತಿ ತೊಂದರೆ ಕೊಡುತ್ತದೆ. ಬ್ಯಾಗ್ ಕಳೆದುಹೋಗಿದೆ ಅಂತ ವಾಟ್ಸಾಪ್ ಗುಂಪಿಗೆ ಒಬ್ಬರು ಬರೆಯುತ್ತಾರೆ ಅಂದುಕೊಳ್ಳಿ: ‘ಕಪ್ಪು ಅಣ್ಣ ಕೊಡಿಸಿದ ಹೊಸ ಬ್ಯಾಗ್ ಕಳೆದಿದೆ’. ಓದಿದವರಿಗೆ ಮೊದಲು ಕಾಣುವುದು ಕಪ್ಪು ಅಣ್ಣ! ‘ಅಣ್ಣ ಕೊಡಿಸಿದ ಹೊಸ ಕಪ್ಪು ಬ್ಯಾಗ್’ ಅಂತ ಬರೆದರೆ ಸರಿಯಾಯಿತು. ಕೊಡಿಸಿದ, ತಂದ, ಹರಿದುಹೋದ ಅಂತ ಕ್ರಿಯೆಯಿಂದ ಬಂದ ಉದ್ದದ ಮಾತು, ಅದರಲ್ಲೂ ತನ್ನೊಳಗೇ ಒಂದು ನಾಮಪದ ಇರುವಂಥದ್ದು, ಎಲ್ಲಕ್ಕಿಂತ ಮುಂದೆ ಹೋಗಬೇಕು. ಚಿಕ್ಕ ಗುಣವಾಚಕಗಳು ಹೆಸರಿನ ಹತ್ತಿರ ಉಳಿಯಬೇಕು.

## ಊರ ಹೆಸರು ಅಂಟಿಕೊಂಡಾಗ

ಬಾಲ ಇಲ್ಲದೇ ಬರುವ ನಾಮಪದಗಳದ್ದು ಬೇರೆ ಕಥೆ. ‘ಧಾರವಾಡ ಪೇಡೆ’ ಅನ್ನುವಲ್ಲಿ ಧಾರವಾಡಕ್ಕೆ ‘-ದ’ ಇಲ್ಲ. ಎರಡೂ ಸೇರಿ ಒಂದು ತಿಂಡಿಯ ಹೆಸರಾಗಿಬಿಟ್ಟಿವೆ, ನಡುವೆ ಬೇರೆ ಪದ ತೂರಿಸಲು ಬರುವುದಿಲ್ಲ. ‘ತಾಜಾ ಧಾರವಾಡ ಪೇಡೆ’ ಅನ್ನಬಹುದು, ‘ಧಾರವಾಡ ತಾಜಾ ಪೇಡೆ’ ಅಂದರೆ ತುಂಡಾದ ಹಾಗೆ ಕೇಳಿಸುತ್ತದೆ. ಅದೇ ‘-ದ’ ಹಚ್ಚಿ ‘ಧಾರವಾಡದ ತಾಜಾ ಪೇಡೆ’ ಅಂದರೆ ಮತ್ತೆ ಸರಿ, ಆದರೆ ಈಗ ಅರ್ಥ ಧಾರವಾಡದಿಂದ ಬಂದ ಪೇಡೆ ಅಂತ. ಒಂದು ಸಣ್ಣ ಬಾಲ ಪದಕ್ಕೆ ಓಡಾಡುವ ಶಕ್ತಿ ಕೊಡುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿಯಲ್ಲಿ ಇದು ಇನ್ನೊಂದು ಹಂತ ಹೋಗುತ್ತದೆ. ಅಲ್ಲಿ ಕಡ್ಡಿ ಮತ್ತು ಡಬ್ಬಿ ಅನ್ನುವ ಬಗೆಗಳಿವೆ. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡಗೆ. ‘ಹೊಸ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ’ ಅನ್ನುವಾಗ ‘ಡಬ್ಬಿ’ ಹೆಸರಿಗೆ ಅಂಟಿದೆ, ‘ಬ್ಯಾಡಗಿ’ ಅದರಾಚೆ, ‘ಹೊಸ’ ಇನ್ನೂ ಆಚೆ. ತಳಿಯ ಬಗೆ ಬದಲಾಗುವುದಿಲ್ಲ, ಎಲ್ಲಿಯದು ಅನ್ನುವುದೂ ಬದಲಾಗುವುದಿಲ್ಲ, ಆದರೆ ಹೊಸದು ಮುಂದಿನ ವರ್ಷಕ್ಕೆ ಹಳೇದಾಗುತ್ತದೆ. ಬೇಗ ಬದಲಾಗುವ ಗುಣ ದೂರ, ಬದಲಾಗದ್ದು ಹತ್ತಿರ. ‘ಡಬ್ಬಿ ಹೊಸ ಬ್ಯಾಡಗಿ ಮೆಣಸಿನಕಾಯಿ’ ಅಂತ ಯಾರಾದರೂ ಬರೆದರೆ ಡಬ್ಬಿಯಲ್ಲಿ ತುಂಬಿದ್ದೋ ಏನೋ ಅನಿಸುತ್ತದೆ.

ಹೀಗೆ ಅಂಟಿಕೊಂಡ ಪದ ಎಷ್ಟು ಗಟ್ಟಿ ಅಂದರೆ, ಅದರ ಮುಂದೆ ವಿರುದ್ಧ ಅರ್ಥದ ಪದ ಬಂದರೂ ಜಗಳ ಇಲ್ಲ. ಶಾಲೆಯ ‘ಹಸಿರು ಕರಿಹಲಗೆ’ ಅಂದರೆ ನಮಗೆ ಅರ್ಥವಾಗುತ್ತದೆ. ಅಪ್ಪನಿಗಿಂತ ದೊಡ್ಡವರು ಇಬ್ಬರಿದ್ದರೆ ಚಿಕ್ಕವರನ್ನು ‘ಸಣ್ಣ ದೊಡ್ಡಪ್ಪ’ ಅನ್ನುತ್ತೇವೆ. ಹುಬ್ಬಳ್ಳಿಯವರು ‘ಹಳೇ ಬಸ್ ನಿಲ್ದಾಣದ ಹೊಸ ಕಟ್ಟಡ’ ಅಂದಾಗ ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಅಲ್ಲಿ ‘ಹಳೇ’ ಈಗ ಗುಣ ಅಲ್ಲ, ಜಾಗದ ಹೆಸರಿನ ಭಾಗ. ಹೆಬ್ಬಾಗಿಲು, ಹೆದ್ದಾರಿ, ಕೆಂದಾವರೆ ಅನ್ನುವ ಸಮಾಸಪದಗಳು ಈ ಅಂಟಿಕೊಳ್ಳುವಿಕೆಯ ಕೊನೆಯ ಮೆಟ್ಟಿಲು. ಅಲ್ಲಿ ಗುಣವಾಚಕ ತನ್ನ ರೂಪವನ್ನೇ ಕಳೆದುಕೊಂಡು ಹೆಸರಿನೊಳಗೆ ಸೇರಿಹೋಗಿದೆ.

## ‘ದೊಡ್ಡ ಕೆಂಪು ಹಳೇ ಕಾರು’ ಯಾವಾಗ ಸರಿ?

ಪಟ್ಟಿಯ ಪ್ರಕಾರ ವಯಸ್ಸು ಬಣ್ಣಕ್ಕಿಂತ ಮೊದಲು ಬರಬೇಕು. ಆದರೆ ಜನ ಮಾತಾಡುವಾಗ ‘ಕೆಂಪು ಹಳೇ ಕಾರು’ ಅಂತಲೂ ಹೇಳುತ್ತಾರೆ, ಇಂಗ್ಲಿಷಿನವರೂ ಹೇಳುತ್ತಾರೆ. ಎಲ್ಲಾ ಸಲ ಅದು ತಪ್ಪಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಗ್ಯಾರೇಜ್ ಅಂದುಕೊಳ್ಳಿ. ಒಂದು ಕಡೆ ಸರ್ವಿಸ್‌ಗೆ ಬಂದ ಹೊಸ ಕಾರುಗಳು. ಇನ್ನೊಂದು ಕಡೆ ರಿಪೇರಿಗೆ ಬಂದ ಮೂರು ಹಳೇ ಕಾರುಗಳು: ಒಂದು ದೊಡ್ಡದು ಕೆಂಪು, ಒಂದು ಸಣ್ಣದು ಕೆಂಪು, ಒಂದು ದೊಡ್ಡದು ಬಿಳಿ. ಹಳೇ ಕಾರುಗಳದ್ದು ಬೇರೆ ಸಾಲು ಅಂತ ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಮಿಸ್ತ್ರಿ ಹುಡುಗನಿಗೆ ಕೂಗಿ ಹೇಳುತ್ತಾನೆ: “ತಮ್ಮಾ, ಆ ಹಳೇ ಗಾಡಿ ಒಳಗ ತಗೊಂಡ ಬಾ.” ಹುಡುಗ ಕೇಳುತ್ತಾನೆ, “ಯಾವ ಹಳೇ ಗಾಡಿ ಅಣ್ಣಾ?” ಆಗ ಉತ್ತರ ಬರುವುದು “ಆ ದೊಡ್ಡ ಕೆಂಪು ಹಳೇ ಗಾಡಿ” ಅಂತ.

ಇಲ್ಲಿ ‘ಹಳೇ ಗಾಡಿ’ ಅನ್ನುವುದು ಒಂದು ಗುಂಪಿನ ಹೆಸರಾಗಿದೆ. ಅದನ್ನು ಒಡೆಯುವ ಹಾಗಿಲ್ಲ. ಒಳಗಿನಿಂದ ಹೊರಗೆ ಲೆಕ್ಕ ಮಾಡಿ ನೋಡಿ: ‘ಹಳೇ ಗಾಡಿ’ ಅಂದಾಗ ಮೂರು ಉಳಿದವು, ‘ಕೆಂಪು ಹಳೇ ಗಾಡಿ’ ಅಂದಾಗ ಎರಡು, ‘ದೊಡ್ಡ ಕೆಂಪು ಹಳೇ ಗಾಡಿ’ ಅಂದಾಗ ಒಂದೇ ಒಂದು. ಪ್ರತಿ ಪದವೂ ತನ್ನ ಬಲಕ್ಕಿರುವ ಗುಂಪಿನಿಂದ ಆಯ್ಕೆ ಮಾಡುತ್ತಾ ಹೋಗಿದೆ.

ಅದೇ ಗ್ಯಾರೇಜಿನಲ್ಲಿ ಕಾರುಗಳನ್ನು ಬಣ್ಣದ ಪ್ರಕಾರ ನಿಲ್ಲಿಸಿದ್ದರೆ, ಕೆಂಪು ಕಾರುಗಳೆಲ್ಲ ಪೇಂಟಿಂಗ್‌ಗೆ ಬಂದು ಒಂದೆಡೆ ನಿಂತಿದ್ದರೆ, ಹುಡುಗ ಕೇಳುತ್ತಿದ್ದದ್ದು “ಯಾವ ಕೆಂಪು ಗಾಡಿ?” ಅಂತ. ಉತ್ತರವೂ ‘ದೊಡ್ಡ ಹಳೇ ಕೆಂಪು ಗಾಡಿ’ ಆಗುತ್ತಿತ್ತು. ಅಂದರೆ ಸಂದೇಹ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೇಳುವವನು ಮರುಪ್ರಶ್ನೆ ಹಾಕಿದರೆ ‘ಯಾವ ಹಳೇ’ ಅನ್ನುತ್ತಾನೋ ‘ಯಾವ ಕೆಂಪು’ ಅನ್ನುತ್ತಾನೋ? ಆ ಪ್ರಶ್ನೆಯಲ್ಲಿ ಬರುವ ಗುಣ ಹೆಸರಿನ ಪಕ್ಕಕ್ಕೆ.

ಇಂಗ್ಲಿಷಿನಲ್ಲೂ ಇದೇ ನಡೆಯುತ್ತದೆ, ‘ರೆಡ್’ ಪದವನ್ನು ಒತ್ತಿ ಹೇಳಿ ‘ದ ರೆಡ್ ಓಲ್ಡ್ ಕಾರ್’ ಅನ್ನುತ್ತಾರೆ. ಆದರೆ ಇದಕ್ಕೊಂದು ಮಿತಿ ಇದೆ. ಗುಂಪು ಮೊದಲೇ ಗೊತ್ತಿರಬೇಕು. ‘ದ’ ಇದ್ದಾಗ ಗೊತ್ತಿರಬಹುದು. ಮೊದಲ ಸಲ ಒಂದು ಕಾರಿನ ಬಗ್ಗೆ ಹೇಳುವಾಗ, ಅಂದರೆ ‘ಎ’ ಇದ್ದಾಗ, ಸಾಮಾನ್ಯವಾಗಿ ಅಂಥ ಗುಂಪು ಯಾವುದೂ ಇರುವುದಿಲ್ಲ, ಆಗ ಮಾಮೂಲಿ ಸಾಲೇ ಬರಬೇಕು. ಪರೀಕ್ಷೆಯ ಬಿಡಿ ವಾಕ್ಯದಲ್ಲಿ ಹಿಂದೆ ಮುಂದೆ ಏನೂ ಇರುವುದಿಲ್ಲವಾದ್ದರಿಂದ ‘ಎ ಬಿಗ್ ರೆಡ್ ಓಲ್ಡ್ ಕಾರ್’ ಕಂಡರೆ ತಪ್ಪು ಅಂತಲೇ ಗುರುತಿಸಿ.

## ಒಂದು ಪ್ರಶ್ನೆ ಬಿಡಿಸೋಣ

ಪದಗಳನ್ನು ಕಲಸಿ ಕೊಟ್ಟಿದ್ದಾರೆ: ವುಡನ್, ಅಗ್ಲಿ, ಟೇಬಲ್, ರೌಂಡ್, ಸ್ಮಾಲ್, ಮತ್ತು ‘ಎ’ ಅಥವಾ ‘ಆ್ಯನ್’. ಎಡದಿಂದ ಶುರು ಮಾಡಬೇಡಿ, ಅಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು. ಹೆಸರಿನಿಂದ ಶುರು ಮಾಡಿ ಹಿಂದಕ್ಕೆ ನಡೆಯಿರಿ.

ಹೆಸರು ಟೇಬಲ್, ಅದು ಕೊನೆಗೆ. ಉಳಿದವುಗಳಲ್ಲಿ ‘ಬಹಳ’ ಒಪ್ಪದ ಪದ ಯಾವುದು? ವುಡನ್. ಅದು ಟೇಬಲ್ ಪಕ್ಕಕ್ಕೆ. ಈಗ ಅಗ್ಲಿ, ರೌಂಡ್, ಸ್ಮಾಲ್ ಉಳಿದವು. ಯಾವುದರ ಬಗ್ಗೆ ಇಬ್ಬರು ಜಗಳ ಆಡುವುದು ಕಡಿಮೆ? ದುಂಡಗೆ ಇದೆಯೋ ಇಲ್ಲವೋ ಅನ್ನುವುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ರೌಂಡ್ ವುಡನ್ ಟೇಬಲ್. ಸಣ್ಣದೋ ಅಲ್ಲವೋ ಅನ್ನುವಲ್ಲಿ ಸ್ವಲ್ಪ ಜಗಳ ಆಗಬಹುದು, ಅದು ಅದರಾಚೆ. ಅಗ್ಲಿ ಅನ್ನುವುದು ಪೂರ್ತಿ ನೋಡುವವರ ಅಭಿಪ್ರಾಯ, ಅದು ಅಂಚಿಗೆ. ಅಗ್ಲಿ ಸ್ಮಾಲ್ ರೌಂಡ್ ವುಡನ್ ಟೇಬಲ್.

ಇನ್ನು ‘ಎ’ಯೋ ‘ಆ್ಯನ್’ಓ? ಟೇಬಲ್ ನೋಡಿ ‘ಎ’ ಬರೆದವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಅದನ್ನು ತೀರ್ಮಾನ ಮಾಡುವುದು ಹೆಸರು ಅಲ್ಲ, ತಕ್ಷಣ ಮುಂದೆ ಬರುವ ಪದದ ಉಚ್ಚಾರ. ಅಗ್ಲಿ ಸ್ವರದಿಂದ ಶುರುವಾಗುವುದರಿಂದ ‘ಆ್ಯನ್ ಅಗ್ಲಿ ಸ್ಮಾಲ್ ರೌಂಡ್ ವುಡನ್ ಟೇಬಲ್’. ಅಗ್ಲಿ ತೆಗೆದುಬಿಟ್ಟರೆ ‘ಎ ಸ್ಮಾಲ್ ರೌಂಡ್ ವುಡನ್ ಟೇಬಲ್’. ಸಾಲು ಮೊದಲು ಗಟ್ಟಿಯಾಗಬೇಕು, ‘ಎ’ ಅಥವಾ ‘ಆ್ಯನ್’ ಕೊನೆಗೆ ಹಚ್ಚಬೇಕು.

ಅಲ್ಪವಿರಾಮದ ಪ್ರಶ್ನೆಯೂ ಬರುತ್ತದೆ. ಎರಡು ಪದ ಒಂದೇ ಖಾನೆಯವಾಗಿದ್ದರೆ ನಡುವೆ ಅಲ್ಪವಿರಾಮ ಅಥವಾ ‘ಅಂಡ್’ ಬರುತ್ತದೆ, ಬೇರೆ ಖಾನೆಯವಾದರೆ ಸಾಮಾನ್ಯವಾಗಿ ಬರುವುದಿಲ್ಲ. ಎರಡೂ ಬಣ್ಣವಾದರೆ ‘ಎ ಬ್ಲ್ಯಾಕ್ ಅಂಡ್ ವೈಟ್ ಕೌ’. ಒಂದು ಗಾತ್ರ ಒಂದು ಬಣ್ಣವಾದರೆ ‘ಎ ಬಿಗ್ ವೈಟ್ ಕೌ’, ಅಲ್ಪವಿರಾಮ ಬೇಡ. ಗುರುತಿಸುವುದು ಹೇಗೆ ಅಂದರೆ, ಎರಡು ಪದಗಳನ್ನು ಅದಲು ಬದಲು ಮಾಡಿ ನೋಡಿ. ಅರ್ಥವೂ ಕೆಡದೆ ಕಿವಿಗೂ ಒಪ್ಪಿದರೆ ಒಂದೇ ಖಾನೆ.

ಪಟ್ಟಿಗೆ ಒಗ್ಗದ ಕೆಲವು ಹಳೇ ಜೋಡಿಗಳು ಇಂಗ್ಲಿಷಿನಲ್ಲಿ ಇವೆ. ‘ಬಿಗ್ ಬ್ಯಾಡ್ ವುಲ್ಫ್’ ಅನ್ನುವಲ್ಲಿ ಅಭಿಪ್ರಾಯದ ‘ಬ್ಯಾಡ್’ ಗಾತ್ರದ ‘ಬಿಗ್’ಗಿಂತ ಹಿಂದೆ ಬಿದ್ದಿದೆ. ‘ಝಿಗ್‌ಝ್ಯಾಗ್’, ‘ಟಿಕ್‌ಟಾಕ್’ ಪದಗಳಲ್ಲಿ ‘ಇ’ ಸ್ವರ ಮೊದಲು ಬರುವ ಹಾಗೆ ಇಲ್ಲಿಯೂ ಬಂದಿದೆ ಅಂತ ಇದಕ್ಕೆ ವಿವರಣೆ ಕೊಡುತ್ತಾರೆ. ಇಂಥವನ್ನು ಹಾಗೇ ನೆನಪಿಟ್ಟುಕೊಳ್ಳಬೇಕು, ಬೇರೆ ವಾಕ್ಯಕ್ಕೆ ಮಾದರಿ ಮಾಡಿಕೊಳ್ಳಬಾರದು.

ಕೊನೆಗೆ, ನೀವೇ ಬರೆಯುವಾಗ ಮೂರಕ್ಕಿಂತ ಜಾಸ್ತಿ ಗುಣವಾಚಕ ಒಂದೇ ಹೆಸರಿನ ಮುಂದೆ ಹೇರಬೇಡಿ. ಪರೀಕ್ಷೆಯಲ್ಲಿ ಬರುವಷ್ಟು ಉದ್ದದ ಸಾಲು ನಿತ್ಯದ ಮಾತಿನಲ್ಲಿ ಅಪರೂಪ. ಕನ್ನಡದಲ್ಲಂತೂ ಅದನ್ನು ಒಡೆಯುವುದು ಬಹಳ ಸುಲಭ: ‘ಹಳೇ ಕಾರು ಮಾರಾಟಕ್ಕಿದೆ, ಕೆಂಪು ಬಣ್ಣದ್ದು, ಗಾಡಿ ದೊಡ್ಡದು’. ಹೆಸರು ಬಂದ ಮೇಲೆ ಹೇಳಿದ ಗುಣಗಳಿಗೆ ಈ ಸಾಲಿನ ಕಟ್ಟು ಇಲ್ಲ, ಯಾವುದನ್ನು ಮೊದಲು ಹೇಳಿದರೂ ನಡೆಯುತ್ತದೆ.